ಮಳೆಗಾಲಕ್ಕೆ ಮೊದಲು ಕುಂಜಿಬೆಟ್ಟು ಮನೆಯಲ್ಲಿ ಆಗಬೇಕಾದ ಕೆಲಸ

ನಾನೂ ನಿನ್ನ ದೊಡ್ಡಮ್ಮನೂ ಮೇ 12ಕ್ಕೆ ಬೆಂಗಳೂರಿಗೆ ಹೊರಡುತ್ತೇವೆ. ವಾಪಸ್ ಬರುವಾಗ ಮಳೆ ಹಿಡಿದಿರುತ್ತದೆ. ಹಾಗಾಗಿ ಈ ಸಲ ಇದು ನಿನ್ನ ಪಾಲಿಗೆ. ಪತ್ತನಾಜೆಯೊಳಗೆ ಮುಗಿಸು ಮಾರಾಯ. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಯಾವ ಪ್ಲಂಬರೂ ಫೋನ್ ಎತ್ತುವುದಿಲ್ಲ. ಮೇಲಿನಿಂದ ಕೆಳಗೆ ಮಾಡುತ್ತಾ ಬಾ. ಚರಂಡಿ ಮೊದಲು ತೆಗೆದರೆ ಮಾಡಿನ ಕಸವೆಲ್ಲ ಮತ್ತೆ ಅಲ್ಲಿಗೇ ಬರುತ್ತದೆ.

ಮಾಡು, ದಂಬೆ, ತಾರಸಿ

☐ ಎದುರಿನ ಹಂಚಿನ ಮಾಡಿನಲ್ಲಿ ಒಡೆದ, ಜಾರಿದ ಹಂಚು ಬದಲಾಯಿಸುವುದು. ಹಳೇ ಹಂಚು ಬಚ್ಚಲಿನ ಹಿಂದೆ ಇದೆ. ನೀನು ಹತ್ತಬೇಡ, ಹಂಚಿನ ಕೆಲಸದವರನ್ನೇ ಕರೆ.

☐ ದಂಬೆಯ ಎಲೆ ಕೈಯಲ್ಲಿ ಬಾಚಿ ಬಕೆಟ್ಟಿಗೆ ಹಾಕುವುದು. ನೀರು ಬಿಟ್ಟು ಪೈಪಿನೊಳಗೆ ತಳ್ಳಿದರೆ ಬೆಂಡಿನಲ್ಲಿ ಕೂತುಬಿಡುತ್ತದೆ. ಆಮೇಲೆ ಹೋಸ್ ಹಿಡಿದು ನೋಡು. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಕ್ಲ್ಯಾಂಪ್ ಇಳಿದಿದೆ ಅಂತ ಅರ್ಥ. 10 ಅಡಿಗೆ ಅರ್ಧ ಇಂಚು ಇಳಿಜಾರು ಇದ್ದರೆ ಸಾಕು.

☐ ತಾರಸಿಯ ನಾಲ್ಕಿಂಚಿನ ಎರಡೂ ಪೈಪಿನ ಬಾಯಿಗೆ ಜಾಳಿ ಇರಬೇಕು. ಒಂದೊಂದಕ್ಕೂ ಎರಡು ಬಕೆಟ್ ನೀರು ಒಟ್ಟಿಗೆ ಸುರಿದು, ಕೆಳಗೆ ಅದೇ ವೇಗದಲ್ಲಿ ಬರುತ್ತದಾ ನೋಡು.

ಮೇಲಿನ ಟ್ಯಾಂಕು

ಮಂಗಳೂರಿನ ಕಡೆ ಮಲೇರಿಯಾ ಹರಡುವ ಸೊಳ್ಳೆ ಕೊಳಚೆಗಿಂತ ಜಾಸ್ತಿ ಇಂಥ ಒಳ್ಳೆ ನೀರಿನ ಟ್ಯಾಂಕಿನಲ್ಲೇ ಮೊಟ್ಟೆ ಇಡುತ್ತದೆ. ಅದಕ್ಕೇ ಮುಚ್ಚಳದ ವಿಷಯದಲ್ಲಿ ಇಷ್ಟು ಹಠ.

☐ ಎರಡೂ ಮುಚ್ಚಳ ಸೀಳಿಲ್ಲದೆ, ಬಿಗಿಯಾಗಿ ಕೂರಬೇಕು. ಸೀಳಿದ್ದರೆ ಹೊಸತು ತಾ. ಕಲ್ಲು ಇಡುವುದು ಬೇಡ, ಜೋರು ಗಾಳಿಗೆ ಕಲ್ಲೂ ಬೀಳುತ್ತದೆ. ನೈಲಾನ್ ಹಗ್ಗದಲ್ಲಿ ಕಟ್ಟು.

☐ ಓವರ್‌ಫ್ಲೋ ಪೈಪಿನ ತುದಿಗೆ ಸೊಳ್ಳೆ ಬಲೆ. ಬಾಲ್ ವಾಲ್ವ್ ಸರಿಯಾಗಿ ನಿಲ್ಲುತ್ತದಾ ನೋಡು.

ಸಂಪು: ಇಲ್ಲಿ ಅವಸರ ಬೇಡ

☐ ತೊಳೆಯುವುದು ಮೇ ತಿಂಗಳಲ್ಲೇ. ಜುಲೈಯಲ್ಲಿ ಪೂರ್ತಿ ಖಾಲಿ ಮಾಡಲೇಬಾರದು. ನಮ್ಮಲ್ಲಿ ಆಗ ಬಾವಿಯ ನೀರು ಕಟ್ಟೆಯ ಹತ್ತಿರ ಬಂದಿರುತ್ತದೆ. ಖಾಲಿ ಸಂಪಿನ ತಳವನ್ನು ನೆಲದಡಿಯ ನೀರು ಮೇಲಕ್ಕೆ ಒತ್ತಿ ಬಿರುಕು ಬಿಡಿಸಬಹುದು.

☐ ತೊಳೆಯುವವರು ಇಳಿಯುವ ಮೊದಲು ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಡು. ಪಂಪಿನ ಮೈನ್ ಸ್ವಿಚ್ ಆಫ್. ಮೇಲೆ ಒಬ್ಬರು ನಿಂತೇ ಇರಬೇಕು. ಒಳಗಿದ್ದವರಿಗೆ ತಲೆ ತಿರುಗಿದರೆ ಎಳೆಯಲು ಇಳಿಯಬೇಡ, ಅಗ್ನಿಶಾಮಕದವರಿಗೆ ಫೋನ್ ಮಾಡು.

☐ ಮುಚ್ಚಳದ ಕಬ್ಬಿಣದ ಚೌಕಟ್ಟು ಅಂಗಳಕ್ಕಿಂತ ನಾಲ್ಕಿಂಚಾದರೂ ಮೇಲಿರಬೇಕು. ಇಂಟರ್‌ಲಾಕ್ ಹಾಕಿದ ಮೇಲೆ ಗೇಟಿನ ಬದಿ ಎರಡಿಂಚೇ ಉಳಿದಿದೆ. ಮೇಸ್ತ್ರಿಗೆ ಹೇಳಿ ಸುತ್ತ ಕಟ್ಟೆ ಏರಿಸು. ಖರ್ಚು ನನ್ನದು, ತಪ್ಪಿಸಬೇಡ. ಅಂಗಳದ ಕೆಂಪು ನೀರು ಒಳಗೆ ಹೋದರೆ ಇಡೀ ಮನೆಯ ನಲ್ಲಿ ಕೆಡುತ್ತದೆ.

☐ ತುಕ್ಕು ಕೆರೆದು ಪೇಂಟ್, ಹೊಸ ರಬ್ಬರ್ ಪಟ್ಟಿ, ಬೀಗ. ಮೇಲಿನ ಬಾಡಿಗೆಯವರ ಮಗು ಈಗ ಓಡಾಡುತ್ತದೆ, ಅಲ್ವಾ?

☐ ತುಂಬಿಸಿದ ಮೇಲೆ ಬ್ಲೀಚಿಂಗ್ ಪೌಡರ್: 1000 ಲೀಟರಿಗೆ 2.5 ಗ್ರಾಂ. ನಮ್ಮದು 6000 ಲೀಟರ್, ಹಾಗಾಗಿ 15 ಗ್ರಾಂ. ಬಕೆಟ್ಟಿನಲ್ಲಿ ಕಲಸಿಟ್ಟು, ಮೇಲಿನ ತಿಳಿ ಮಾತ್ರ ರಾತ್ರಿ ಹಾಕು. ಬೆಳಿಗ್ಗೆ ಪಂಪ್ ಹಾಕಿದರಾಯಿತು.

ಮನೆಯೊಳಗೆ

☐ ಬಚ್ಚಲು, ಅಡುಗೆಮನೆಯ ಜಾಳಿ ತೆಗೆದು ಕೂದಲು, ಜಿಡ್ಡು ಸ್ವಚ್ಛ ಮಾಡುವುದು. ಅತಿಥಿ ಕೋಣೆಯ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕು, ಇಲ್ಲದಿದ್ದರೆ ಟ್ರಾಪ್ ಒಣಗಿ ನಾತ.

☐ ಪಂಪಿನ ಲೈನಿನ ಇಎಲ್‌ಸಿಬಿ ಟೆಸ್ಟ್ ಬಟನ್ ಒತ್ತು. ಟ್ರಿಪ್ ಆಗದಿದ್ದರೆ ಅದೇ ದಿನ ಎಲೆಕ್ಟ್ರಿಷಿಯನ್.

ಅಂಗಳ, ಚರಂಡಿ, ಕಂಪೌಂಡು

☐ ಹಿತ್ತಿಲಿನ ಚರಂಡಿಯ ಚಪ್ಪಡಿ ಎತ್ತಿ ಹೂಳು ತೆಗೆಸುವುದು. ಹೂಳನ್ನು ಬದಿಯಲ್ಲೇ ರಾಶಿ ಹಾಕಿಸಬೇಡ, ಒಂದೇ ಮಳೆಗೆ ವಾಪಸ್. ತೆಂಗಿನ ಬುಡಕ್ಕೆ ಹಾಕಿಸು.

☐ ಮಳೆನೀರಿನ ಪೈಪು ಯಾವುದೂ ಶೌಚದ ಚೇಂಬರಿಗೆ ಸೇರಿರಬಾರದು. ಸೇರಿದ್ದರೆ ಸೆಪ್ಟಿಕ್ ಟ್ಯಾಂಕ್ ತುಂಬಿ ಕಮೋಡಿನಲ್ಲಿ ಗುಳುಗುಳು ಶುರು.

☐ ಕಂಪೌಂಡ್ ಗೋಡೆಯ ಬುಡದ ತೂತುಗಳನ್ನು ಕೋಲು ಹಾಕಿ ಬಿಡಿಸು. ಹಿಂದಿನ ಮನೆ ನಮಗಿಂತ ಎತ್ತರದಲ್ಲಿದೆ. ಅಲ್ಲಿನ ಮಣ್ಣು ನೀರು ಕುಡಿದು ಊದಿದರೆ ಮುರಕಲ್ಲಿನ ಗೋಡೆ ಹೊಟ್ಟೆ ಬಿಡುತ್ತದೆ. ಈಗಾಗಲೇ ಬಿರುಕು ಕಂಡರೆ ಫೋಟೋ ಕಳಿಸು, ಅಲ್ಲಿ ಬೈಕ್ ನಿಲ್ಲಿಸಬೇಡ.

☐ ಗೇಟಿನ ಎದುರು ರಸ್ತೆಯ ಚರಂಡಿಗೆ ಹೋಗುವ ಬಾಯಿ ಖಾಲಿ ಇರಬೇಕು. ರಸ್ತೆಯ ಚರಂಡಿಯೇ ಕಟ್ಟಿದ್ದರೆ ನಗರಸಭೆಗೆ ಬರೆದು ಕೊಟ್ಟು ಸ್ವೀಕೃತಿ ತಗೋ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡ.

ಮೊದಲ ಜೋರು ಮಳೆಗೆ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬಾ. ನೀರು ನಿಂತಲ್ಲೆಲ್ಲ ಸುಣ್ಣದಲ್ಲಿ ಗುರುತು ಹಾಕಿದರೆ ತೊಳೆದು ಹೋಗುತ್ತದೆ, ಫೋಟೋನೇ ತೆಗೆ. ಪ್ಲಂಬರ್, ಮೇಸ್ತ್ರಿ ಇಬ್ಬರ ನಂಬರೂ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ.