ಎದೆಯ ಸಿ.ಟಿ. ಸ್ಕ್ಯಾನ್‌ಗೆ ಕೋರಿಕೆ: ಹಳೇ ಟಿ.ಬಿ. ಕಲೆಯ ಪಕ್ಕದಲ್ಲಿ ಹೊಸ ನೆರಳು

ದಿನಾಂಕ: 14-10-2025
ಇಂದ: ಮೆಡಿಸಿನ್ ವಿಭಾಗ, ತಾಲ್ಲೂಕು ಆಸ್ಪತ್ರೆ
ಗೆ: ರೇಡಿಯಾಲಜಿ ವಿಭಾಗ, ಜಿಲ್ಲಾ ಆಸ್ಪತ್ರೆ
ರೋಗಿ: 56 ವರ್ಷದ ಗಂಡಸು, ತೂಕ 54 ಕೆ.ಜಿ., ಒಳರೋಗಿ
ಬೇಕಾದ ಪರೀಕ್ಷೆ: ಕಾಂಟ್ರಾಸ್ಟ್ ಕೊಟ್ಟು ಎದೆಯ ಸಿ.ಟಿ. ಮೇಲೆ ಕತ್ತಿನ ಬುಡದಿಂದ ಕೆಳಗೆ ಅಡ್ರಿನಲ್ ಗ್ರಂಥಿಗಳ ತನಕ
ಅವಸರ: ಈ ವಾರದೊಳಗೆ

ಮೇಡಂ,

ಫಾರ್ಮಿನಲ್ಲಿ ರೋಗದ ವಿವರಕ್ಕೆ ಇರುವುದು ಎರಡೇ ಗೆರೆ. ಅಲ್ಲಿ "ಕೆಮ್ಮು, ಟಿ.ಬಿ. ಇರಬಹುದೇ?" ಎಂದಷ್ಟೇ ಬರೆದು ಕಳಿಸಿದರೆ ಈ ರೋಗಿಗೆ ಅನ್ಯಾಯವಾಗುತ್ತದೆ. ಈತನ ಶ್ವಾಸಕೋಶದಲ್ಲಿ ಹಳೆಯದೇ ಬೇಕಾದಷ್ಟಿದೆ. ಅದಕ್ಕೇ ಈ ಹಾಳೆಯನ್ನು ಬೇರೆಯಾಗಿ ಲಗತ್ತಿಸಿದ್ದೇನೆ.

ಮೊದಲು ನನ್ನ ಪ್ರಶ್ನೆ. ಬಲಗಡೆ ಮೇಲ್ಭಾಗದಲ್ಲಿ, ಹಳೇ ಟಿ.ಬಿ. ಕಲೆಯ ಹೊರ ಮಗ್ಗುಲಲ್ಲಿ, ಸುಮಾರು 3 ಸೆಂ.ಮೀ. ನೆರಳು ಕಾಣುತ್ತಿದೆ. 2019ರ ಎಕ್ಸ್‌ರೇಯಲ್ಲಿ ಅದು ಇರಲಿಲ್ಲ. ಇದು ಕ್ಯಾನ್ಸರೇ? ಮತ್ತೆ ಎದ್ದ ಟಿ.ಬಿ.ಯೇ? ಹಳೇ ಗೂಡಿನಲ್ಲಿ ಬೆಳೆದ ಫಂಗಸ್ ಉಂಡೆಯೇ? ಇಲ್ಲಾ ಕಲ್ಲುಧೂಳಿನಿಂದ ಆದ ಗಂಟೇ? ನನ್ನ ಗುಮಾನಿ ಕ್ಯಾನ್ಸರ್ ಕಡೆಗೇ ಜಾಸ್ತಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಎರಡೂವರೆ ತಿಂಗಳಿಂದ ಕೆಮ್ಮು, ಕಫ ಕಡಿಮೆ. ಕಳೆದ 10 ದಿನದಲ್ಲಿ ಮೂರು ಸಲ ಕಫದಲ್ಲಿ ರಕ್ತ ಬಂದಿದೆ. ಪ್ರತಿ ಸಲವೂ ಒಂದು ಚಮಚದಷ್ಟು, ಅದಕ್ಕಿಂತ ಹೆಚ್ಚಿಲ್ಲ. ಜುಲೈಯಲ್ಲಿ 61 ಕೆ.ಜಿ. ಇದ್ದ ತೂಕ ಈಗ 54. ಸಂಜೆ ಜ್ವರ ಇಲ್ಲ, ರಾತ್ರಿ ಬೆವರೂ ಇಲ್ಲ.

ಐದು ವಾರದಿಂದ ಬಲ ಭುಜದ ನೋವು ಶುರುವಾಗಿದೆ. ಭುಜದಿಂದ ಹೊರಟು ತೋಳಿನ ಒಳಮಗ್ಗುಲಲ್ಲಿ ಇಳಿದು ಕಿರುಬೆರಳ ತನಕ ಜುಮುಗುಡುತ್ತದೆ. "ರಾತ್ರಿ ಆ ಮಗ್ಗಲಿಗೆ ಮಲಗಾಕ ಆಗೂದಿಲ್ಲ್ರಿ" ಎನ್ನುತ್ತಾನೆ. ಸಕ್ಕರೆ ಕಾಯಿಲೆಯವನಾದ್ದರಿಂದ ಭುಜ ಬಿಗಿದುಕೊಂಡಿರಬಹುದು ಎಂದು ಮೊದಲು ಅನ್ನಿಸುತ್ತದೆ. ಆದರೆ ಭುಜ ಎಲ್ಲಾ ದಿಕ್ಕಿಗೂ ಸಲೀಸಾಗಿ ತಿರುಗುತ್ತದೆ. ಬಲಗೈ ಹಿಡಿತ ಎಡಗೈಗಿಂತ ಸಡಿಲ. ಬಲಗಣ್ಣಿನ ರೆಪ್ಪೆ ಒಂಚೂರು ಇಳಿದ ಹಾಗಿದೆ. ಕಣ್ಣಿನ ಪಾಪೆಯಲ್ಲಿ ವ್ಯತ್ಯಾಸ ಇದೆ ಎಂದು ಗಟ್ಟಿಯಾಗಿ ಹೇಳಲಾರೆ.

ಹೀಗಾಗಿ ನೆರಳು ಶ್ವಾಸಕೋಶದ ತುದಿ ದಾಟಿ ಎದೆಗೋಡೆಗೆ ಹೋಗಿದೆಯೇ ಎಂಬುದನ್ನು ವಿಶೇಷವಾಗಿ ನೋಡಿ. ಒಂದನೇ ಮತ್ತು ಎರಡನೇ ಪಕ್ಕೆಲುಬು ಸವೆದಿವೆಯೇ, ಬೆನ್ನುಮೂಳೆಯ ಬಿಲ್ಲೆಗಳಿಗೆ ತಾಗಿದೆಯೇ, ಸಬ್‌ಕ್ಲೇವಿಯನ್ ರಕ್ತನಾಳವನ್ನು ಸುತ್ತಿದೆಯೇ ಎಂಬುದು ಬೇಕು. ತೋಳಿನ ನರಗಳ ಗೊಂಚಲಿಗೆ ಎಮ್.ಆರ್.ಐ. ಬೇಕೆಂದು ನಿಮಗೆ ಅನ್ನಿಸಿದರೆ ವರದಿಯಲ್ಲೇ ಒಂದು ಮಾತು ಬರೆಯಿರಿ, ಇಲ್ಲಿಂದಲೇ ಹುಬ್ಬಳ್ಳಿಗೆ ಬರೆದು ಕಳಿಸುತ್ತೇನೆ.

ಪರೀಕ್ಷಿಸಿದಾಗ ಕಂಡದ್ದು: ಎರಡೂ ಕೈಬೆರಳ ತುದಿ ಉಬ್ಬಿವೆ. ಬಲ ಕೊರಳೆಲುಬಿನ ಮೇಲ್ಗಡೆ 1.5 ಸೆಂ.ಮೀ. ಗಂಟು ಇದೆ. ಗಟ್ಟಿಯಾಗಿದೆ, ಒತ್ತಿದರೆ ನೋವಿಲ್ಲ. ಕತ್ತಿನ ಬುಡದಿಂದ ಸ್ಕ್ಯಾನ್ ಶುರುಮಾಡಿ ಎಂದು ಕೇಳಿದ್ದು ಅದಕ್ಕೇ. ಮುಖ, ಕತ್ತು ಊದಿಲ್ಲ. ಆಮ್ಲಜನಕ ಹೊರಗಿನ ಗಾಳಿಯಲ್ಲೇ 95%.

ಇನ್ನು ಹಳೇ ಕಥೆ. 2011ರಲ್ಲಿ ಕಫದಲ್ಲಿ ಟಿ.ಬಿ. ಸಿಕ್ಕಿತ್ತು. ಡಾಟ್ಸ್‌ನಲ್ಲಿ ವಾರಕ್ಕೆ ಮೂರು ದಿನದ ಗುಳಿಗೆ, 6 ತಿಂಗಳು ಪೂರ್ತಿ ತೆಗೆದುಕೊಂಡಿದ್ದಾನೆ, ಕಾರ್ಡ್ ನೋಡಿದ್ದೇನೆ. 1998ರಿಂದ 2017ರ ತನಕ ಇಳಕಲ್ ಕಡೆ ಗ್ರಾನೈಟ್ ಕತ್ತರಿಸುವ, ಪಾಲಿಶ್ ಮಾಡುವ ಕೆಲಸ. ಮೊದಲ ಎಂಟು ವರ್ಷ ನೀರು ಹಾಯಿಸದೆ ಒಣಗಲ್ಲನ್ನೇ ಕೊಯ್ಯುತ್ತಿದ್ದರಂತೆ. ಮೂಗಿಗೆ ಕಟ್ಟಿಕೊಳ್ಳುತ್ತಿದ್ದದ್ದು ಟವೆಲ್. 30 ವರ್ಷ ದಿನಕ್ಕೊಂದು ಕಟ್ಟು ಬೀಡಿ, ಬಿಟ್ಟು ಮೂರು ತಿಂಗಳಾಯಿತು. ಸಕ್ಕರೆ ಕಾಯಿಲೆ 7 ವರ್ಷದಿಂದ, ಹತೋಟಿಯಲ್ಲಿಲ್ಲ, ಎಚ್‌ಬಿಎ1ಸಿ 9.2. ಆದ್ದರಿಂದ ಟಿ.ಬಿ. ಇದ್ದರೂ ಎಂದಿನ ಜಾಗದಲ್ಲೇ, ಎಂದಿನ ರೂಪದಲ್ಲೇ ಇರಬೇಕೆಂದಿಲ್ಲ. ಕೆಳಭಾಗವನ್ನೂ ಗಮನಿಸಿ. ಎಚ್‌ಐವಿ ನೆಗೆಟಿವ್.

ಎಕ್ಸ್‌ರೇ ಎರಡು ಕಳಿಸಿದ್ದೇನೆ, 2019ರದ್ದು ಮತ್ತು ಮೊನ್ನೆ 11ರದ್ದು. ದಯವಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಲ ಮೇಲ್ಭಾಗ ಕುಗ್ಗಿರುವುದು, ಶ್ವಾಸನಾಳ ಬಲಕ್ಕೆ ಎಳೆದುಕೊಂಡಿರುವುದು ಎರಡರಲ್ಲೂ ಇದೆ, ಅದು ಹಳೆಯದು. ಎಡ ಮೇಲ್ಭಾಗದ ಸಣ್ಣ ಸಣ್ಣ ಚುಕ್ಕೆಗಳೂ ಹಳೆಯವೇ. ಹೊಸದು ಆ ಹೊರಮಗ್ಗುಲಿನ ನೆರಳೊಂದೇ. ಕಲ್ಲುಧೂಳಿನ ಗಂಟುಗಳು ಸಾಮಾನ್ಯವಾಗಿ ಎರಡೂ ಕಡೆ ಬೆಳೆಯುತ್ತವೆ, ಇದು ಒಂದೇ ಕಡೆ ಇರುವುದು ನನಗೆ ಸರಿಕಾಣುತ್ತಿಲ್ಲ. ಎದೆ ನಡುವಿನ ಗ್ರಂಥಿಗಳಲ್ಲಿ ಮೊಟ್ಟೆ ಸಿಪ್ಪೆಯಂಥ ಸುಣ್ಣದ ಅಂಚು ಕಂಡರೆ ಅದನ್ನೂ ದಾಖಲಿಸಿ. ಪರಿಹಾರದ ಅರ್ಜಿಗೆ ಆತನಿಗೆ ಬೇಕಾಗಬಹುದು.

ಕಫದ ಸ್ಮಿಯರ್ ಎರಡು ಸಲ ನೆಗೆಟಿವ್. ಸಿಬಿನ್ಯಾಟ್‌ನಲ್ಲೂ ಟಿ.ಬಿ. ಸಿಕ್ಕಿಲ್ಲ. ಕಲ್ಚರ್ ವರದಿ ಬರಬೇಕಿದೆ. ಹಾಗಾಗಿ ಸದ್ಯಕ್ಕೆ ಟಿ.ಬಿ. ಔಷಧಿ ಶುರುಮಾಡಿಲ್ಲ. ಹರಡಬಾರದೆಂದು ಮಾಸ್ಕ್ ಹಾಕಿಸಿಯೇ ಕಳಿಸುತ್ತೇವೆ. ಸಾಧ್ಯವಾದರೆ ದಿನದ ಕೊನೆಯ ಸರದಿ ಕೊಡಿ.

ಕಾಂಟ್ರಾಸ್ಟ್ ಬಗ್ಗೆ: ಕ್ರಿಯಾಟಿನಿನ್ 1.1, ಇಜಿಎಫ್ಆರ್ 79, ಎರಡೂ ನಿನ್ನೆಯವು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾನೆ, ಮೂತ್ರಪಿಂಡ ಚೆನ್ನಾಗಿರುವುದರಿಂದ ನಿಲ್ಲಿಸಿಲ್ಲ. ಹಿಂದೆ ಯಾವತ್ತೂ ಕಾಂಟ್ರಾಸ್ಟ್ ಕೊಟ್ಟಿಲ್ಲ. ಆಸ್ತಮಾ ಇಲ್ಲ, ಥೈರಾಯ್ಡ್ ತೊಂದರೆ ಇಲ್ಲ. ಬದನೆಕಾಯಿ ತಿಂದರೆ ಮೈ ತುರಿಸುತ್ತದೆ ಎಂದು ನಿಮ್ಮಲ್ಲೂ ಹೇಳಿಯೇ ಹೇಳುತ್ತಾನೆ. ಅದಕ್ಕಾಗಿ ಕಾಂಟ್ರಾಸ್ಟ್ ತಪ್ಪಿಸಬೇಕಾಗಿಲ್ಲ. ಎಡ ಮುಂಗೈಯಲ್ಲಿ 20 ಗೇಜ್ ಸೂಜಿ ಹಾಕಿಸಿರುತ್ತೇವೆ. ಬಲಗೈ ಬೇಡ, ನೋವಿನಿಂದ ಮೇಲೆತ್ತಿ ಹಿಡಿಯುವುದು ಕಷ್ಟ.

ಗೂಡಿನೊಳಗೆ ಉಂಡೆಯಂಥದ್ದು ಕಂಡರೆ ಬೋರಲು ಮಲಗಿಸಿ ಅಷ್ಟು ಭಾಗಕ್ಕೆ ಮಾತ್ರ ಇನ್ನೊಂದು ಸಲ ತೆಗೆಯಿರಿ. ಉಂಡೆ ಜರುಗಿದರೆ ಫಂಗಸ್ ಎನ್ನಲು ಅದೊಂದು ಒಳ್ಳೆ ಆಧಾರ. ಅಂಟಿಕೊಂಡೇ ಇದ್ದರೆ ನನ್ನ ಗುಮಾನಿ ಹಾಗೇ ಉಳಿಯುತ್ತದೆ.

ವರದಿ ಬಂದ ಮೇಲೆ ಏನು ಮಾಡಬೇಕೆಂದಿದ್ದೇನೆ ಎನ್ನುವುದೂ ನಿಮಗೆ ಗೊತ್ತಿರಲಿ. ಕ್ಯಾನ್ಸರ್ ಎಂದು ಕಂಡರೆ ಬಯಾಪ್ಸಿ. ಎಲ್ಲಿಂದ ತೆಗೆಯುವುದು ಸುರಕ್ಷಿತ, ಕೊರಳಿನ ಗಂಟಿನಿಂದಲೋ ನೆರಳಿನಿಂದಲೋ, ಎಂದು ನೀವೇ ಸೂಚಿಸಿ. ಪ್ಲೇಟ್‌ಲೆಟ್ 2.8 ಲಕ್ಷ, ಐಎನ್ಆರ್ 1.0, ರಕ್ತ ತೆಳುಮಾಡುವ ಗುಳಿಗೆ ಯಾವುದೂ ಇಲ್ಲ. ಲಿವರ್‌ನ ಕಂಡಷ್ಟು ಭಾಗ ಮತ್ತು ಅಡ್ರಿನಲ್ ಬಗ್ಗೆ ಏನೂ ಇಲ್ಲದಿದ್ದರೂ "ಇಲ್ಲ" ಎಂದೇ ಬರೆಯಿರಿ. ರಕ್ತ ಸೋರುವ ಅಪಾಯ ಇರುವ ಉಬ್ಬಿದ ನಾಳ ಕಂಡರೆ ವರದಿಗೆ ಕಾಯದೆ ನಮ್ಮ ವಾರ್ಡಿಗೆ ಫೋನ್ ಮಾಡಿಸಿ, ರಾತ್ರಿಯಾದರೂ ಸರಿ.

ಜೊತೆಗೆ ಮಗ ಬರುತ್ತಾನೆ. ಒಪ್ಪಿಗೆ ಪತ್ರದ ವಿಷಯ ಇಬ್ಬರಿಗೂ ವಿವರಿಸಿದ್ದೇನೆ. ಕ್ಯಾನ್ಸರ್ ಗುಮಾನಿಯ ಮಾತು ಮಗನಿಗೆ ಗೊತ್ತು. ರೋಗಿಗೆ "ಗಂಟು ಇದೆ, ಏನೆಂದು ನೋಡಬೇಕು" ಎಂದಷ್ಟೇ ಹೇಳಿದ್ದೇನೆ. ಉಳಿದದ್ದನ್ನು ಬಯಾಪ್ಸಿ ಆದ ಮೇಲೆ ನಾನೇ ಕೂತು ಮಾತಾಡುತ್ತೇನೆ.

ಟೆಕ್ನಿಷಿಯನ್‌ಗೆ ಒಂದು ಮಾತು. ಕಲ್ಲಿನ ಮಷೀನಿನ ಸದ್ದಿಗೆ ಈತನ ಎರಡೂ ಕಿವಿ ಮಂದವಾಗಿವೆ. ಮೈಕಿನಲ್ಲಿ "ಉಸಿರು ಹಿಡಿಯಿರಿ" ಎಂದರೆ ಕೇಳಿಸುವುದಿಲ್ಲ. ಮೇಜಿನ ಮೇಲೆ ಮಲಗಿಸುವ ಮುಂಚೆಯೇ ಎರಡು ಸಲ ಕೈಸನ್ನೆಯಲ್ಲಿ ಹೇಳಿಕೊಡಿ. 10 ಸೆಕೆಂಡ್ ಹಿಡಿಯಬಲ್ಲ, ಇಲ್ಲಿ ಮಾಡಿಸಿ ನೋಡಿದ್ದೇನೆ.

ಇಂತಿ,
ವೈದ್ಯಾಧಿಕಾರಿ, ಮೆಡಿಸಿನ್ ವಿಭಾಗ
ತಾಲ್ಲೂಕು ಆಸ್ಪತ್ರೆ

ಲಗತ್ತು: ಎಕ್ಸ್‌ರೇ ಎರಡು, ರಕ್ತ ಪರೀಕ್ಷೆಯ ವರದಿ, ಕಫದ ವರದಿ, 2011ರ ಚಿಕಿತ್ಸಾ ಕಾರ್ಡಿನ ನಕಲು