ರಿಪೇರಿ ಟೆಕ್ನಿಷಿಯನ್‌ಗಳ ಆ್ಯಪ್‌ನ ರಿಲೀಸ್ ಪ್ಲಾನ್ ಮತ್ತು ರೋಡ್‌ಮ್ಯಾಪ್: ಮುಂದಿನ 26 ವಾರ

ಈಗಿನ ಖರ್ಚಿನಲ್ಲೇ ನಡೆದರೆ ಬ್ಯಾಂಕಿನಲ್ಲಿರುವ ಹಣ 11 ತಿಂಗಳು ಬರುತ್ತದೆ. ಆದರೆ ನಮಗೆ 11 ತಿಂಗಳಿಲ್ಲ. ಮುಂದಿನ ಫಂಡಿಂಗ್‌ಗೆ 4 ತಿಂಗಳು ಓಡಾಟ ಅಂತ ಹಿಡಿದಿದ್ದೇನೆ. ಒಂದು ತಿಂಗಳ ಸಂಬಳ ಮುಟ್ಟಬಾರದು. ಉಳಿದದ್ದು 6 ತಿಂಗಳು, ಅಂದರೆ ಎರಡು ವಾರದ 13 ಸ್ಪ್ರಿಂಟ್. ಕೊನೆಯ ಎರಡನ್ನು ಖಾಲಿ ಬಿಟ್ಟಿದ್ದೇನೆ. ಅವು ರಜೆಗೆ, ಕಾಯಿಲೆಗೆ, ತಪ್ಪಿದ ಅಂದಾಜಿಗೆ. ಫೀಚರ್ ತುಂಬಿಸಲು ಯಾರೂ ಕೈ ಹಾಕಬೇಡಿ.

1.0: 10ನೇ ವಾರ

ಹಳೆಯ ಪ್ಲಾನ್‌ನಲ್ಲಿ ಚಂದಾ ಪಾವತಿ 1.2ರಲ್ಲಿತ್ತು. ಅದನ್ನು 1.0ಕ್ಕೆ ತಂದಿದ್ದೇನೆ. 9 ಪೈಲಟ್ ಗ್ರಾಹಕರು ಆ್ಯಪ್ ಚೆನ್ನಾಗಿದೆ ಅನ್ನುತ್ತಾರೆ. ಪುಕ್ಕಟೆ ಕೊಟ್ಟಾಗ ಯಾರು ಚೆನ್ನಾಗಿಲ್ಲ ಅಂತಾರೆ, ಅಲ್ವಾ? ಪೇಮೆಂಟ್ ಗೇಟ್‌ವೇ ಕಂಪನಿ ನಮ್ಮ ದಾಖಲೆ ಪರಿಶೀಲಿಸಲು ಎಷ್ಟು ದಿನ ತೆಗೆದುಕೊಂಡರೂ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಅರ್ಜಿ ಈ ವಾರವೇ ಹೋಗಬೇಕು, ಕೋಡ್ ಆಮೇಲೆ.

ಇನ್ನೊಂದು, ಆಫ್‌ಲೈನ್. ರಿಪೇರಿಗೆ ಹೋದವರಿಗೆ ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಇದೇ ನಮ್ಮ ಅತಿ ದೊಡ್ಡ ರಿಸ್ಕ್, ಆದ್ದರಿಂದ ಮೊದಲ ಎರಡು ಸ್ಪ್ರಿಂಟ್ ಇದಕ್ಕೇ. ಒಂದೇ ಕೆಲಸವನ್ನು ಆಫೀಸಿನವರೂ ಟೆಕ್ನಿಷಿಯನ್ನೂ ಬದಲಿಸಿದರೆ ನಿಯಮ ಸರಳ: ಕೆಲಸ ಮುಗಿಯಿತೋ ಇಲ್ಲವೋ ಎಂಬುದಕ್ಕೆ ಟೆಕ್ನಿಷಿಯನ್ ಮಾತೇ ಕೊನೆ, ಯಾರಿಗೆ ಹಂಚಬೇಕು ಎಂಬುದಕ್ಕೆ ಆಫೀಸಿನದು. ಇದಕ್ಕಿಂತ ಜಾಣತನದ ಸಿಂಕ್ ಸದ್ಯಕ್ಕೆ ಬೇಡ.

1.1: 16ನೇ ವಾರ. ಫೋಟೋ, ಗ್ರಾಹಕರ ಸಹಿ.

1.2: 22ನೇ ವಾರ. ಬಿಡಿಭಾಗಗಳ ಲೆಕ್ಕ. ಇದು ಇನ್ನೂ ಖಾತ್ರಿಯಲ್ಲ.

16ನೇ ವಾರದ ಕೊನೆಗೆ 9ರಲ್ಲಿ ಕನಿಷ್ಠ 5 ಗ್ರಾಹಕರು ದುಡ್ಡು ಕೊಡುತ್ತಿರಬೇಕು. ಇಲ್ಲದಿದ್ದರೆ 1.2 ನಿಲ್ಲುತ್ತದೆ. ಹೊರಗಿನ ಡಿಸೈನರ್ ಒಪ್ಪಂದ ಮುಂದುವರಿಯುವುದಿಲ್ಲ. ನಾವೆಲ್ಲ ಕೋಡ್ ಬಿಟ್ಟು ಎರಡು ವಾರ ಗ್ರಾಹಕರ ಜೊತೆ ಕೂರುತ್ತೇವೆ. ಆ ಹೊತ್ತಿಗೆ ವಾದ ಬೇಡ ಅಂತಲೇ ಈಗ ಬರೆದಿಡುತ್ತಿದ್ದೇನೆ.

ಕೈಬಿಟ್ಟಿದ್ದು

ಐಫೋನ್ ಆ್ಯಪ್. ಪೈಲಟ್‌ನಲ್ಲಿರುವ 63 ಟೆಕ್ನಿಷಿಯನ್‌ಗಳಲ್ಲಿ ಐಫೋನ್ ಇರುವುದು 4 ಜನರ ಹತ್ತಿರ. ಅವರಿಗೆ ವೆಬ್ ಪುಟ ಸಾಕು, ಆಫ್‌ಲೈನ್ ಸಿಗುವುದಿಲ್ಲ ಅಂತ ಮೊದಲೇ ಹೇಳೋಣ. ಡ್ಯಾಶ್‌ಬೋರ್ಡ್ ಬದಲು ಸಿಎಸ್‌ವಿ ಡೌನ್‌ಲೋಡ್. ಡ್ಯಾಶ್‌ಬೋರ್ಡ್ ಕೈಬಿಡಲು ನನಗೇ ಹೊಟ್ಟೆ ಉರಿಯಿತು, ಡೆಮೊದಲ್ಲಿ ಮಿಂಚುವುದು ಅದೇ.

ಬಿಡುಗಡೆ ದಿನ

ಗುರುವಾರ ಕೋಡ್ ಫ್ರೀಜ್, ಸೋಮವಾರ ಬಿಡುಗಡೆ. ಶುಕ್ರವಾರ ಬಿಡುಗಡೆ ಮಾಡುವಂತಿಲ್ಲ. ಮೊದಲು 10% ಬಳಕೆದಾರರಿಗೆ, ಎರಡು ದಿನ ಕ್ರ್ಯಾಶ್ ನೋಡಿ 50%, ಆಮೇಲೆ ಎಲ್ಲರಿಗೂ. ಡೇಟಾಬೇಸ್‌ನಲ್ಲಿ ಹೊಸ ಕಾಲಂ ಸೇರಿಸಬಹುದು, ಹಳೆಯದನ್ನು ಅದೇ ರಿಲೀಸ್‌ನಲ್ಲಿ ತೆಗೆಯಬಾರದು. ಹಳೆಯ ಆ್ಯಪ್ ಇಟ್ಟುಕೊಂಡವರು ವಾರಗಟ್ಟಲೆ ಅಪ್‌ಡೇಟ್ ಮಾಡುವುದಿಲ್ಲ.

ಹೊಸ ಬೇಡಿಕೆ ಬಂದರೆ ಯಾವುದನ್ನು ತೆಗೆಯಬೇಕು ಅಂತಲೂ ಜೊತೆಗೇ ಬರೆದು ಕಳಿಸಿ. ಉಳಿದ ತಿಂಗಳ ಲೆಕ್ಕವನ್ನು ಪ್ರತಿ ತಿಂಗಳ ಮೊದಲ ಸೋಮವಾರ ಎಲ್ಲರಿಗೂ ತೋರಿಸುತ್ತೇನೆ.