ಸುದ್ದಿ ಘಾಟಿ ಹತ್ತಿದ ಬಗೆ: ತಂತಿ, ರೇಡಿಯೋ, ಟಿ.ವಿ.

ನಮ್ಮ ಊರಿನ ಗ್ರಂಥಾಲಯದ ಹಾಲ್‌ನ ಉದ್ದ ಗೋಡೆಗೆ ಬರೆದ ಕಾಲರೇಖೆ ಇದು. ಬಾಗಿಲ ಹತ್ತಿರದಿಂದ ಶುರು ಮಾಡಿ, ಕಿಟಕಿ ಕಡೆಗೆ ಓದಿಕೊಂಡು ಹೋಗಿ. ಪ್ರತಿ ವರ್ಷದ ಮುಂದೆ ನಿಂತಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಸುದ್ದಿ ಕೊಡಗಿಗೆ ಎಷ್ಟು ಹೊತ್ತಿಗೆ ಬಂತು? ಬಂದಾಗ ಅದರ ರೂಪ ಹೇಗಿತ್ತು?

1834: ಕಾಲಿನ ವೇಗ

ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಕ್ಕೆ ತೆಗೆದುಕೊಂಡ ವರ್ಷ. ಆಗ ಸುದ್ದಿ ಮನುಷ್ಯನ ಕಾಲಿನಷ್ಟೇ ವೇಗ, ಕುದುರೆಯಷ್ಟೇ ವೇಗ. ಕಡಲು ದಾಟಬೇಕಾದರೆ ಹಡಗಿನಷ್ಟು. ಇಲ್ಲಿ ರಾಜ ಹೋದ ಸುದ್ದಿ ಲಂಡನ್ ಮುಟ್ಟಲು ತಿಂಗಳುಗಳೇ ಬೇಕಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಪಕ್ಕದ ನಾಡಿನ ಸುದ್ದಿಯೂ ಆಚೆ ದಡದಲ್ಲೇ ನಿಲ್ಲುತ್ತಿತ್ತು.

1843: ಅಚ್ಚಾದ ಕನ್ನಡ ಸುದ್ದಿ

ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಛಾಪಿಸಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮೋಗ್ಲಿಂಗ್ ಮುಂದೆ ಕೊಡಗಿಗೂ ಬಂದು ಕೆಲವು ವರ್ಷ ಇದ್ದರು. ಹದಿನೈದು ದಿನದ ಹಳೇ ಸುದ್ದಿಯನ್ನು ಆಗ ಯಾರೂ ಹಳೇದು ಅನ್ನುತ್ತಿರಲಿಲ್ಲ. ಅದಕ್ಕಿಂತ ಹೊಸದು ಇರಲೇ ಇಲ್ಲವಲ್ಲ.

1844–1854: ತಂತಿ

1844ರ ಮೇ 24ರಂದು ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿಯಲ್ಲಿ ಸಂದೇಶ ಕಳಿಸಿದರು. ಕೆಲಸ ಮಾಡುವ ರೀತಿ ಸರಳ. ಕೀಲಿ ಒತ್ತಿದರೆ ತಂತಿಯಲ್ಲಿ ಕರೆಂಟು ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಒತ್ತಿದರೆ ಚುಕ್ಕೆ, ಜಾಸ್ತಿ ಹೊತ್ತು ಒತ್ತಿದರೆ ಗೆರೆ. ಒಂದೊಂದು ಅಕ್ಷರಕ್ಕೂ ಚುಕ್ಕೆ ಗೆರೆಗಳ ಒಂದೊಂದು ಜೋಡಣೆ.

ನಮ್ಮ ದೇಶದಲ್ಲಿ ಈ ಕೆಲಸ ಹಿಡಿದವರು ಓಶಾನೆಸ್ಸಿ ಎಂಬ ಡಾಕ್ಟರು. 1839ರಲ್ಲೇ ಕಲ್ಕತ್ತಾ ಹತ್ತಿರ ಪ್ರಯೋಗ ಮಾಡಿದ್ದರು. 1854ರಲ್ಲಿ ಕಲ್ಕತ್ತಾದಿಂದ ಆಗ್ರಾದವರೆಗೆ ತಂತಿ ಬಂತು. ಮಡಿಕೇರಿ ಹತ್ತಿರ ಫೌಲರ್ ಎಂಬ ಇಂಗ್ಲಿಷಿನವರು ಕಾಫಿ ತೋಟ ಮಾಡಿದ್ದೂ ಅದೇ 1854ರಲ್ಲಿ. ಈ ಎರಡನ್ನೂ ನಾನು ಬೇಕೆಂದೇ ಒಂದೇ ಫಲಕದಲ್ಲಿ ಬರೆದಿದ್ದೇನೆ. ಕಾಫಿ ಬೆಳೆಯುವುದು ಇಲ್ಲಿ, ಅದಕ್ಕೆ ಬೆಲೆ ಕಟ್ಟುವುದು ಎಲ್ಲೋ ದೂರದಲ್ಲಿ. ಆ ದೂರದ ಧಾರಣೆ ಗೊತ್ತಾಗಬೇಕಾದರೆ ತಂತಿ ಬೇಕೇ ಬೇಕು ಅಲ್ವಾ?

1866 ಮತ್ತು 1870: ಕಡಲ ಅಡಿಯ ತಂತಿ

ಅಟ್ಲಾಂಟಿಕ್ ಕಡಲಿನ ಅಡಿಯಲ್ಲಿ 1858ರಲ್ಲಿ ಹಾಕಿದ ಮೊದಲ ತಂತಿ ಕೆಲವೇ ವಾರಗಳಲ್ಲಿ ಕೆಟ್ಟಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಅದರಲ್ಲಿ ಹೋಗಲು ಸುಮಾರು 16 ಗಂಟೆ ಹಿಡಿಯಿತು. 1865ರಲ್ಲಿ ಲಿಂಕನ್ ಕೊಲೆಯಾದಾಗ ಲಂಡನ್‌ಗೆ ಸುದ್ದಿ ಬಂದದ್ದು ಹಡಗಿನಲ್ಲಿ, ಸುಮಾರು 12 ದಿನ ತಡವಾಗಿ. 1866ರಲ್ಲಿ ಹಾಕಿದ ತಂತಿ ಗಟ್ಟಿಯಾಗಿ ನಿಂತಿತು. 1870ರಲ್ಲಿ ಮುಂಬಯಿಗೂ ಕಡಲ ತಂತಿ ತಲುಪಿತು. ತಿಂಗಳು, ವಾರ ಎಂದು ಎಣಿಸುತ್ತಿದ್ದವರು ಗಂಟೆ ಎಣಿಸಲು ಶುರು ಮಾಡಿದರು.

ತಂತಿಯ ಭಾಷೆ (ಈ ಫಲಕಕ್ಕೆ ವರ್ಷ ಹಾಕಿಲ್ಲ)

ತಂತಿಯಲ್ಲಿ ಪ್ರತಿ ಪದಕ್ಕೂ ದುಡ್ಡು. ಹಾಗಾಗಿ ಸುದ್ದಿ ಸಣ್ಣದಾಯಿತು. ಹಿಂದೆ ವರದಿಗಾರರು ಕಾಗದ ಬರೆದ ಹಾಗೆ ನಿಧಾನವಾಗಿ, ಮೊದಲಿನಿಂದ ಕೊನೆವರೆಗೆ ಬರೆಯುತ್ತಿದ್ದರು. ಯುದ್ಧ ಗೆದ್ದದ್ದು ಯಾರು ಅಂತ ತಿಳಿಯಲು ಕೊನೇ ಸಾಲಿನ ತನಕ ಕಾಯಬೇಕಿತ್ತು. ತಂತಿ ಬಂದ ಮೇಲೆ ಮುಖ್ಯ ಸಂಗತಿಯನ್ನು ಮೊದಲೇ ಹೇಳುವ ರೂಢಿ ಬಲವಾಯಿತು. 1851ರಲ್ಲಿ ಲಂಡನ್‌ನಲ್ಲಿ ಶುರುವಾದ ರಾಯಿಟರ್ಸ್ ಒಂದೇ ಸುದ್ದಿಯನ್ನು ಹತ್ತಾರು ಪತ್ರಿಕೆಗೆ ಮಾರುತ್ತಿತ್ತು. ಎಲ್ಲರಿಗೂ ಒಪ್ಪಬೇಕಾದರೆ ಸುದ್ದಿ ಚುಟುಕಾಗಿ, ಯಾರ ಪಕ್ಷವನ್ನೂ ಹಿಡಿಯದೆ ಇರಬೇಕು. ಇವತ್ತಿನ ಪೇಪರಿನ ಮೊದಲ ಪ್ಯಾರಾ ಓದಿ ನೋಡಿ. ಆ ತಂತಿಯ ಕಾಲದ ಗುಣ ಇನ್ನೂ ಅದರಲ್ಲಿದೆ.

ಮನೆಗಳಿಗೆ ಬರುತ್ತಿದ್ದ ತಂತಿಯೂ ಹೀಗೇ. ಕೊಡಗಿನಲ್ಲಿ ಸೈನ್ಯಕ್ಕೆ ಮಗನನ್ನು ಕಳಿಸದ ಮನೆ ಕಡಿಮೆ. ಹಾಗಾಗಿ ತಂತಿ ಅಂದರೆ ಭಯ. ಅಂಚೆಯವನು ಹೊತ್ತಲ್ಲದ ಹೊತ್ತಿನಲ್ಲಿ ಗದ್ದೆ ಏರಿ ದಾಟಿ ಬರುವುದು ಕಂಡರೆ ನಮ್ಮಜ್ಜಿ ಒಲೆ ಮುಂದಿಂದ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರಂತೆ. ಕಾಗದ ಇಂಗ್ಲಿಷಿನಲ್ಲಿ. ಮನೆಯಲ್ಲಿ ಓದಲು ಬರುವವರು ಇಲ್ಲ. "ಏನಪ್ಪಾ, ಒಳ್ಳೇದಾ ಕೆಟ್ಟದ್ದಾ?" ಅಂತ ಅಂಚೆಯವನನ್ನೇ ಕೇಳಬೇಕು. ಅವನು ಮಳೆ ನೀರು ಒರೆಸಿಕೊಂಡು, ಕಾಲಿಗೆ ಹತ್ತಿದ ಜಿಗಣೆ ಕಿತ್ತು, ಆಮೇಲೆ ಓದಿ ಹೇಳುತ್ತಿದ್ದ. ಒಂದು ಸಲ ಬಂದದ್ದು ನಾಲ್ಕೇ ಪದ: ರಜೆ ಸಿಕ್ಕಿದೆ, ಭಾನುವಾರ ಬರುತ್ತೇನೆ ಅನ್ನುವ ಅರ್ಥದ್ದು. ಅಜ್ಜಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ದೆಹಲಿಯಿಂದ ಪೇಟೆಯ ಆಫೀಸಿಗೆ ಆ ನಾಲ್ಕು ಪದ ಬಂದದ್ದು ಮಿಂಚಿನ ಹಾಗೆ. ಪೇಟೆಯಿಂದ ನಮ್ಮ ಮನೆಗೆ ಬಂದದ್ದು 1834ರಲ್ಲಿ ಬರುತ್ತಿದ್ದ ಹಾಗೇ, ಕಾಲ್ನಡಿಗೆಯಲ್ಲಿ.

1901–1927: ತಂತಿಯೇ ಇಲ್ಲದ ಸುದ್ದಿ

1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಆಚೆಯಿಂದ ಬಂದ ಸಂಕೇತವನ್ನು ಗಾಳಿಯಲ್ಲೇ ಹಿಡಿದರು. 1920ರ ನವೆಂಬರ್ 2ರಂದು ಅಮೆರಿಕದ ಕೆಡಿಕೆಎ ರೇಡಿಯೋ ಕೇಂದ್ರ ಚುನಾವಣಾ ಫಲಿತಾಂಶ ಪ್ರಸಾರ ಮಾಡಿತು. ಮುಂಬಯಿಯಲ್ಲಿ 1927ರ ಜುಲೈ 23ರಂದು ಕೇಂದ್ರ ಶುರುವಾಯಿತು. ತಂತಿ ಒಬ್ಬರಿಂದ ಒಬ್ಬರಿಗೆ. ರೇಡಿಯೋ ಒಬ್ಬರಿಂದ ಎಲ್ಲರಿಗೂ. ಅಕ್ಷರ ಬಾರದವರಿಗೂ.

1935: ಆಕಾಶವಾಣಿ ಅನ್ನುವ ಹೆಸರು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಇವರು ಮನಶ್ಶಾಸ್ತ್ರ ಪಾಠ ಹೇಳುವ ಮೇಷ್ಟ್ರು. ಆ ಕೇಂದ್ರಕ್ಕೆ ಬಂದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಕೊಡಗಿನವರಿಗೆ ಮೈಸೂರು ಪಕ್ಕದ ಊರು. ಇದನ್ನು ಓದುವ ಮಕ್ಕಳು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು ಅಂತ ನನಗೆ ತುಂಬಾ ಆಸೆ.

ರೇಡಿಯೋ ನಮ್ಮ ಬೆಟ್ಟಗಳನ್ನು ದಾಟಿದ್ದು ಹೇಗೆ? ಮೀಡಿಯಂ ವೇವ್ ಅಲೆ ನೆಲಕ್ಕೆ ಅಂಟಿಕೊಂಡು ಬರುತ್ತದೆ. ರಾತ್ರಿಯಾದರೆ ಮೇಲಿನ ವಾತಾವರಣಕ್ಕೆ ಬಡಿದು ಹಿಂದಕ್ಕೆ ಬರುತ್ತದೆ, ಹಾಗಾಗಿ ದೂರದ ಕೇಂದ್ರಗಳೂ ಕೇಳುತ್ತವೆ. ಶಾರ್ಟ್ ವೇವ್ ಇನ್ನೂ ದೂರ ಹೋಗುತ್ತದೆ. ಬೆಟ್ಟದ ಹಿಂದೆ ತೋಟದ ಕೆಲಸಗಾರರ ಲೈನ್ ಮನೆಯಲ್ಲೂ ಒಂದು ಸೆಟ್ಟು, ನಾಲ್ಕು ಸೆಲ್ ಇದ್ದರೆ ಸಾಕು, ಲೋಕದ ಸುದ್ದಿ ಕೇಳುತ್ತಿತ್ತು.

1948, ಜನವರಿ 30

ಸಂಜೆ 5 ಗಂಟೆ ದಾಟಿ ಕೆಲವೇ ನಿಮಿಷಕ್ಕೆ ದೆಹಲಿಯಲ್ಲಿ ಗಾಂಧೀಜಿಗೆ ಗುಂಡು ಬಿತ್ತು. ಆ ಸಂಜೆಯೇ ರೇಡಿಯೋ ಹೇಳಿತು. ರಾತ್ರಿ ನೆಹರೂ ಅವರೇ ಮಾತಾಡಿದರು. ತಂತಿಯಲ್ಲಿ ಬಂದಿದ್ದರೆ ಆ ಸುದ್ದಿ ನಾಲ್ಕು ಪದ. ರೇಡಿಯೋದಲ್ಲಿ ಜನ ಕೇಳಿದ್ದು ದುಃಖ ತುಂಬಿದ ಗಂಟಲು.

ಸಮಯವೂ ಬದಲಾಯಿತು. ಸುದ್ದಿಗೆ ಒಂದು ಹೊತ್ತು ಅಂತ ಗೊತ್ತಾಯಿತು. ನಮ್ಮ ಮನೆಯಲ್ಲಿ ಬೆಳಿಗ್ಗೆ 7.35ರ ಕನ್ನಡ ವಾರ್ತೆ ಮುಗಿದ ಮೇಲೆ ಅಪ್ಪ ಗಡಿಯಾರಕ್ಕೆ ಕೀ ಕೊಟ್ಟು ತೋಟಕ್ಕೆ ಇಳಿಯುತ್ತಿದ್ದರು. ವಾರ್ತೆ ಹೊತ್ತಿಗೆ ಯಾರೂ ಪಾತ್ರೆ ಸದ್ದು ಮಾಡುವ ಹಾಗಿರಲಿಲ್ಲ.

1965: ತಲುಪದ ಸುದ್ದಿ

ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದರು, ಹಿಂದಿರುಗಲಿಲ್ಲ. ಕಾಣೆಯಾಗಿದ್ದಾರೆ ಅನ್ನುವುದಷ್ಟೇ ಇಲ್ಲಿಗೆ ಗೊತ್ತಾಯಿತು. ಅವರು ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಕೆಡವಿದ್ದರು ಎಂಬ ಸಂಗತಿ ಬೆಳಕಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ.

ತಂತಿ ಇತ್ತು, ರೇಡಿಯೋ ಇತ್ತು, ಪತ್ರಿಕೆ ಇತ್ತು. ಆದರೆ ನೋಡಿ ಹೇಳುವವರು ಈ ಕಡೆ ಯಾರೂ ಇರಲಿಲ್ಲ. ಕಾಲರೇಖೆಯಲ್ಲಿ ಈ ಫಲಕ ಇರಲೇಬೇಕು ಅಂತ ನಾನು ಹಟ ಹಿಡಿದೆ. ದಯವಿಟ್ಟು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

1959–1982: ಟಿ.ವಿ.

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಶುರು. 1972ರಲ್ಲಿ ಮುಂಬಯಿಗೆ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸಿದ ಪ್ರಯೋಗದಲ್ಲಿ ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳೂ ಇದ್ದವು. 1982ರಲ್ಲಿ ಬಣ್ಣ ಬಂತು.

ಕೊಡಗಿಗೆ ಇದು ಸುಲಭವಾಗಿ ಬರಲಿಲ್ಲ. ಟಿ.ವಿ. ಅಲೆ ನೇರ ದಾರಿಯಲ್ಲಿ ಹೋಗುವಂಥದ್ದು. ನಡುವೆ ಬೆಟ್ಟ ಬಂದರೆ ಮುಗಿಯಿತು. ಹಾಗಾಗಿ ಆಂಟೆನಾ ಮನೆ ಮೇಲೆ ಸಾಲದು, ಸಿಲ್ವರ್ ಓಕ್ ಮರದ ತುದಿಗೆ ಕಟ್ಟಬೇಕು. ಒಬ್ಬ ಮರದ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬರು ಟಿ.ವಿ. ಮುಂದೆ. "ಬಂತಾ?" "ಇಲ್ಲ, ಸ್ವಲ್ಪ ಈಚೆ ತಿರುಗಿಸು." "ಈಗ?" "ಬಂತು ಬಂತು… ಅಯ್ಯೋ, ಹೋಯ್ತು!" ಗಾಳಿ ಬೀಸಿದರೆ ವಾರ್ತೆ ಓದುವವರ ಮುಖ ಚುಕ್ಕೆ ಚುಕ್ಕೆಯಾಗಿ ಹೋಗುತ್ತಿತ್ತು.

1984: ಒಂದೇ ಸುದ್ದಿ, ಎರಡು ರೂಪ

ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರಿಗೆ ಗುಂಡು ಬಿತ್ತು. ತೀರಿಕೊಂಡರು ಅಂತ ಬಿಬಿಸಿ ಮೊದಲು ಹೇಳಿತು. ಆಕಾಶವಾಣಿ ಹೇಳಿದ್ದು ಸಂಜೆ. ವೇಗ ಯಂತ್ರದಲ್ಲಿ ಮಾತ್ರ ಇಲ್ಲ, ಹೇಳಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರ ಕೈಯಲ್ಲೂ ಇದೆ ಅಂತ ಅವತ್ತು ಜನರಿಗೆ ಅರ್ಥವಾಯಿತು.

ಅಂತ್ಯಕ್ರಿಯೆಯನ್ನು ದೂರದರ್ಶನ ನೇರವಾಗಿ ತೋರಿಸಿತು. ಬೆಂಗಳೂರಲ್ಲಿ ಓದುತ್ತಿದ್ದ ನನ್ನ ಅಣ್ಣ ಟಿ.ವಿ.ಯಲ್ಲಿ ನೋಡಿದ. ನಾವು ಇಲ್ಲಿ ರೇಡಿಯೋ ಸುತ್ತ ಕೂತು ಕೇಳಿದೆವು. ರಜೆಗೆ ಬಂದಾಗ ಅವನು ಹೇಳಿದ್ದೆಲ್ಲ ಮುಖಗಳ ವಿಷಯ. ಯಾರು ಅತ್ತರು, ಮಗ ಹೇಗೆ ನಿಂತಿದ್ದರು. ನಮಗೆ ನೆನಪಿದ್ದದ್ದು ಮಾತು, ಮಾತಿನ ನಡುವೆ ಬಂದ ಮೌನ. ಒಂದೇ ದಿನದ ಒಂದೇ ಸಂಗತಿ ನಮ್ಮ ಮನೆಯಲ್ಲೇ ಎರಡು ನೆನಪಾಗಿ ಉಳಿಯಿತು.

1991–2006: ಬಿಡುವಿಲ್ಲದ ಸುದ್ದಿ

1991ರ ಕೊಲ್ಲಿ ಯುದ್ಧವನ್ನು ಸಿಎನ್ಎನ್ ನೇರವಾಗಿ ತೋರಿಸಿತು. 1994ರಲ್ಲಿ ಉದಯ ಟಿ.ವಿ. ಬಂತು. ಡಿಶ್ ಮೇಲಕ್ಕೆ, ಆಕಾಶಕ್ಕೆ ಮುಖ ಮಾಡುತ್ತದೆ. ಅದಕ್ಕೆ ಬೆಟ್ಟದ ಕಾಟ ಕಡಿಮೆ. ಮುಂದೆ ಕನ್ನಡದಲ್ಲೂ 24 ಗಂಟೆಯ ಸುದ್ದಿ ಚಾನೆಲ್‌ಗಳು ಬಂದವು. ತಲಕಾವೇರಿಯ ತೀರ್ಥೋದ್ಭವವನ್ನು ನಡೆಯಲಾಗದ ಹಿರಿಯರು ಮನೆಯಲ್ಲೇ ಕೈಮುಗಿದು ನೋಡುವ ಹಾಗಾಯಿತು. ಅದು ದೊಡ್ಡ ವರ. ಆದರೆ 24 ಗಂಟೆ ತುಂಬಿಸಬೇಕಲ್ಲ? ಒಂದೇ ಚಿತ್ರ ದಿನವಿಡೀ ತಿರುಗತೊಡಗಿತು.

2013: ತಂತಿ ನಿಂತಿತು

ಜುಲೈ 15ರಿಂದ ದೇಶದಲ್ಲಿ ಟೆಲಿಗ್ರಾಂ ಸೇವೆ ಇಲ್ಲ. ಈ ಫಲಕದ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ಅಜ್ಜಿಯ ಆ ನಾಲ್ಕು ಪದದ ಕಾಗದ ಇದೆ. ಮಡಿಸಿದ ಜಾಗದಲ್ಲಿ ಹರಿದಿದೆ.

2018, ಆಗಸ್ಟ್

ಗುಡ್ಡ ಕುಸಿಯಿತು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಅನ್ನುವ ಹೆಸರುಗಳು ದೇಶಕ್ಕೆಲ್ಲ ಗೊತ್ತಾದವು. ಮಡಿಕೇರಿಯಲ್ಲಿ ಎರಡಂತಸ್ತಿನ ಮನೆ ಇಳಿಜಾರಿಗೆ ಜಾರಿ ಬಿದ್ದ ದೃಶ್ಯವನ್ನು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಲೋಕವೇ ನೋಡಿತು. ನಾವು ನೋಡಲಿಲ್ಲ. ನಮ್ಮ ಕಡೆ ಕರೆಂಟೇ ಇರಲಿಲ್ಲ, ಮೊಬೈಲ್ ಸತ್ತಿತ್ತು. ದುಬೈಯಲ್ಲಿರುವ ಅಣ್ಣನ ಮಗನಿಗೆ ನಮ್ಮ ಬೆಟ್ಟದ ಸ್ಥಿತಿ ನಮಗಿಂತ ಮೊದಲೇ ಗೊತ್ತಿತ್ತು.

ಎರಡನೇ ರಾತ್ರಿ ಅಟ್ಟದಿಂದ ಅಪ್ಪನ ರೇಡಿಯೋ ಇಳಿಸಿದೆ. ಟಾರ್ಚಿನ ಸೆಲ್ ತೆಗೆದು ಅದಕ್ಕೆ ಹಾಕಿದೆ. ಮೊದಲು ಬರೀ ಗರಗರ. ಮುಳ್ಳು ನಿಧಾನವಾಗಿ ತಿರುಗಿಸಿದ ಮೇಲೆ ಯಾರೋ ಕನ್ನಡದಲ್ಲಿ ಮಾತಾಡುವುದು ಕೇಳಿಸಿತು. ಮಂಗಳೂರು ರಸ್ತೆ ಬಂದ್ ಅಂದರು. ಅಮ್ಮ ಕತ್ತಲಲ್ಲೇ ಹತ್ತಿರ ಬಂದು ಕೂತರು, "ಸದ್ದು ಸ್ವಲ್ಪ ಜಾಸ್ತಿ ಮಾಡು" ಅಂದರು.